ಆರಿದ ಚಹಾಕ್ಕೆ ಹಬೆ

ಲೋಟದಲ್ಲಿದ್ದ ಚಹಾದ ಮೇಲೆ ಕೆನೆ ಸುಕ್ಕುಗಟ್ಟಿತ್ತು. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದಾಗಲೇ ಅದು ಕಂಡದ್ದು. ಹಾಗೆ ಕೆನೆ ಕಟ್ಟಿದ ಚಹಾದಿಂದ ಹಬೆ ಏಳುವುದಿಲ್ಲ. ಮೊದಲು ಆ ಕೆನೆಯನ್ನು ಅಳಿಸಿದೆ.

ಓದು ಮುಗಿದ ಮೇಲೆ ನಾನು ಗದಗಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಫೋಟೊ ತಿದ್ದುವ ಕೆಲಸಕ್ಕೆ ಸೇರಿದ್ದೆ. ಆ ಮಧ್ಯಾಹ್ನ ನನ್ನ ಹಿಂದೆ ಇಬ್ಬರು ಕುಳಿತಿದ್ದರು. ಬೆಟಗೇರಿಯಲ್ಲಿ ರಸ್ತೆ ಬದಿಗೆ ಚಹಾ ಅಂಗಡಿ ನಡೆಸುತ್ತಿದ್ದ ಹೆಂಗಸೊಬ್ಬಳು ಜ್ವರ ಬಂದು ತೀರಿಕೊಂಡಿದ್ದಳು. ಒಬ್ಬ ಅವಳ ಗಂಡ, ಇನ್ನೊಬ್ಬರು ಶಿಗ್ಲಿಯಿಂದ ಬಂದಿದ್ದ ಅವಳ ತಾಯಿ. ಮುಚ್ಚಿದ್ದ ಅಂಗಡಿಯನ್ನು ಮರುದಿನ ತೆರೆಯುವವರಿದ್ದರು. ಶ್ರದ್ಧಾಂಜಲಿಗೂ ಅಂಗಡಿಯ ಬೋರ್ಡಿಗೂ ಸೇರಿ ಒಂದೇ ಫ್ಲೆಕ್ಸ್ ಬೇಕಾಗಿತ್ತು.

ಅವಳದೆಂದು ಉಳಿದದ್ದು ಅದೊಂದೇ ಫೋಟೊ. ಮದುವೆಯ ಫೋಟೊಗಳು ಮಳೆಗೆ ಗೋಡೆ ಬಿದ್ದಾಗ ಮಣ್ಣುಪಾಲಾಗಿದ್ದವು. ಇದನ್ನು ಯಾರೋ ಗಿರಾಕಿ ಮೊಬೈಲಿನಲ್ಲಿ ತೆಗೆದಿದ್ದ. ಸುಣ್ಣ ಬಳಿದ ಗೋಡೆಯ ಮುಂದೆ ಲೋಟ ಹಿಡಿದು ನಿಂತಿದ್ದಳು. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು.

“ಹಬಿ ಬರಬೇಕ್ರಿ ತಂಗಿ,” ಎಂದ ಗಂಡ. “ಎದುರಿಗೆ ಹೊಸಾ ಅಂಗಡಿ ಆಗೈತಿ. ನಮ್ಮ ಚಹಾ ಬಿಸಿ ಕಾಣಲಿಲ್ಲಂದ್ರ ಮಂದಿ ಆ ಕಡೀಗೆ ಹೊಕ್ಕಾರ.”

“ಅಕಿ ಮಾರಿ ಛಲೋ ಕಾಣಬೇಕವ್ವಾ,” ಎಂದರು ತಾಯಿ. “ಆ ಅಂಗಡಿ ಅಕಿ ಹಾಕಿದ್ದು.”

ಕಪ್ಪು ಹಿನ್ನೆಲೆಯಲ್ಲಿ ತೆಗೆದ ಹಬೆಯ ಚಿತ್ರವೊಂದು ನನ್ನ ಬಳಿ ಇತ್ತು. ಅದನ್ನು ಲೋಟದ ಮೇಲಿಟ್ಟು ಫೋಟೊ ತಿದ್ದುವ ತಂತ್ರಾಂಶದ ‘ಸ್ಕ್ರೀನ್’ ಮೋಡ್‌ಗೆ ಹಾಕಿದರೆ ಕಪ್ಪು ಮಾಯವಾಗಿ ಹಬೆ ಮಾತ್ರ ಉಳಿಯುತ್ತದೆ. ಆದರೆ ಬಿಳಿ ಗೋಡೆಯ ಮುಂದೆ ಹಬೆಯೂ ಮಾಯವಾಯಿತು. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಅವಳ ಸೆರಗು ಕಡುನೀಲಿ. ಅದರ ಮುಂದಷ್ಟೇ ಹಾಯುವಂತೆ ಲೋಟದ ಬಾಯಿಗಿಂತ ಸ್ವಲ್ಪ ಮೇಲಿನಿಂದ ತೆಳುವಾಗಿ ಎರಡು ಎಳೆ ಎಬ್ಬಿಸಿ, ಮೇಲೆ ಹೋದಂತೆ ಮಸುಕು ಮಾಡಿ, ಗದ್ದದ ಕೆಳಗೇ ಕರಗಿಸಿದೆ. ಬಿಸಿಲಿನ ಹಳದಿಯನ್ನು ಚೂರು ಬೆರೆಸಿದೆ. ಮುಖ ಹಾಗೇ ಉಳಿಯಿತು.

ಗಂಡ ಬಗ್ಗಿ ನೋಡಿದ. “ಇದೇನ್ರಿ ಇದು, ಮಲಗಿದ ಬೆಕ್ಕಿನ ಉಸುರು ಇದ್ದಂಗೈತಿ. ದೂರಿಂದ ಕಾಣಬೇಕ್ರಿ.”

ಹಬೆ ಹೆಚ್ಚಿಸಿದೆ. ತಕ್ಷಣ ಅದು ಮೇಲಿಂದ ಅಂಟಿಸಿದ ಹತ್ತಿಯಂತಾಯಿತು.

“ಈಗ ಒಲಿ ಹೊಗಿ ಆತು,” ಎಂದು ಅವನೇ ನಕ್ಕ.

ಹಬೆ ಹೊಳೆಯಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕತ್ತಲಾಗಿರಬೇಕು, ಆಗ ಮುಖಕ್ಕೆ ನೆರಳು ಬೀಳುತ್ತದೆ ಎಂದು ಹೇಳಿದೆ. ಬಾಯಿಂದ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಮಾಡಿ ತೋರಿಸಿದೆ. ಗೋಡೆಯನ್ನು ಕಪ್ಪಾಗಿಸಿ, ಮುಖದ ಬಿಸಿಲು ಇಳಿಸಿ, ಹೆಗಲಿನ ಅಂಚಿಗೆ ಬೆಳಕಿನ ಗೆರೆ ಎಳೆದೆ. ಹಬೆ ದಟ್ಟವಾಗಿ, ಆಗಷ್ಟೇ ಕುದಿಸಿ ಸುರಿದ ಚಹಾದಿಂದ ಏಳುವಂತೆಯೇ ಎದ್ದಿತು.

“ಹಾಂ, ಖರೆ ಚಹಾ ಅಂದ್ರ ಇದು!” ಎಂದ ಗಂಡ.

ತಾಯಿ ಕುರ್ಚಿಯಿಂದೆದ್ದು ಪರದೆಯ ಹತ್ತಿರ ಬಂದರು. “ನನ್ನ ಮಗಳೆಲ್ಲಿ?”

“ಅಲ್ಲೇ ಅದಾಳಲ್ಲ ಅತ್ತಿ.”

“ನೆಳ್ಳೈತಿ. ನೀವು ಒಂದ ದಿನಾರ ಆ ಒಲಿ ಮುಂದ ನಿಂತೀರೇನು ಅಳಿಯಂದ್ರ? ಮಂದಿ ಬರ್ತಿದ್ದದ್ದು ಅಕಿ ಮಾರಿ ನೋಡಿ.”

“ಹುಡುಗ್ರು ಉಣಬೇಕಲ್ಲ. ಮಾರಿ ಕುಡ್ಯಾಕ ಬರ್ತೈತೇನು?”

ಅಂದ ಮಾತು ಎಷ್ಟು ಒರಟೆಂದು ಅವನಿಗೂ ಕೇಳಿಸಿರಬೇಕು. ತಲೆ ತಗ್ಗಿಸಿದ. ನಮ್ಮ ಅಂಗಡಿಯ ಮಾಲೀಕರು ಒಳಗಿನಿಂದ ಕೂಗಿದರು: “ಏ ತಂಗಿ, ಆರ್ಡರ್ ಕೊಟ್ಟಾವ್ರು ಹೇಳ್ದಂಗ ಮಾಡು, ಜಲ್ದಿ ಕಳಿಸು. ಮಷಿನ್ ಖಾಲಿ ಐತಿ.”

ಮುಖದ ಮೇಲಿನ ನೆರಳನ್ನು ಕಡಿಮೆ ಮಾಡುತ್ತ ಹೋದೆ. ಮುಖ ಬೆಳಗಿದಷ್ಟೂ ಹಬೆ ಸುಳ್ಳಾಗಿ ಕಂಡಿತು. ಎರಡೂ ಒಟ್ಟಿಗೆ ಉಳಿಯುವ ಜಾಗ ಸಿಗಲಿಲ್ಲ. ಕೊನೆಗೆ ಗಂಡ ಹೇಳಿದ್ದನ್ನೇ ಮುದ್ರಣಕ್ಕೆ ಕಳಿಸಿದೆ. ತಾಯಿ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಫ್ಲೆಕ್ಸ್ ಅಂಗಡಿ ತೆಗೆದೆ. ಫೈಲಿನಲ್ಲಿ ಹಬೆಯನ್ನೂ ಕತ್ತಲನ್ನೂ ಮರೆಮಾಡಿ, ಬಿಸಿಲು ಬಿದ್ದ ಮುಖವನ್ನಷ್ಟೇ ಫೋಟೊ ಕಾಗದದ ಮೇಲೆ ಮುದ್ರಿಸಿಕೊಂಡು ಬೆಟಗೇರಿಗೆ ಹೋದೆ. ಫ್ಲೆಕ್ಸ್ ಕಟ್ಟಿ ಆಗಿತ್ತು. ರಸ್ತೆಯ ಆಚೆಯಿಂದಲೂ ಹಬೆ ಕಾಣುತ್ತಿತ್ತು. ಸೈಕಲ್ ನಿಲ್ಲಿಸಿದ ಒಬ್ಬಾತ ಮೇಲೆ ನೋಡಿ, “ಯಾರಪಾ ಇಕಿ?” ಎಂದು ಕೇಳಿದ. ಗಂಡ ಅವನ ಲೋಟಕ್ಕೆ ಚಹಾ ಸೋಸಿದ.

ಕೈಯಲ್ಲಿದ್ದ ಫೋಟೊವನ್ನು ಅಲ್ಲೇ ಕುಳಿತಿದ್ದ ತಾಯಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ ನನಗೇ ಮರಳಿ ಚಾಚಿದರು. “ನಾ ಒಬ್ಬಾಕಿ ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ? ಇಲ್ಲೇ ಹಚ್ಚವ್ವಾ.”

ಗಂಡನ ಕಡೆ ನೋಡಿದೆ. ಅವನು ಬೇಡವೆನ್ನಲಿಲ್ಲ. ಆ ಪುಟ್ಟ ಅಂಗಡಿಯಲ್ಲಿ ಕುದಿಯುವ ಪಾತ್ರೆಯ ಹಬೆ ತಾಗದ ಜಾಗವೇ ಇರಲಿಲ್ಲ. ಇದ್ದುದರಲ್ಲಿ ಒಲೆಗೆ ದೂರವಾದ ಕಂಬ ನೋಡಿ, ನನ್ನ ಸೆರಗಿನ ತುದಿಯಿಂದ ಅದರ ತೇವ ಒರೆಸಿ, ಫೋಟೊಕ್ಕೆ ಟೇಪು ಹಚ್ಚಿ ಅಂಟಿಸಿದೆ.