ಒಂಬತ್ತನೇ ಪ್ಯಾರಾದ ಲಟ್ಟಣಿಗೆ

ವಕೀಲನಾಗಿ ನಾನು ಕಳಿಸಿದ ನೋಟೀಸುಗಳಿಗೆ ಉತ್ತರ ಬಂದದ್ದೇ ಕಡಿಮೆ. ಇದೊಂದರ ಆಜ್ಞೆಯನ್ನು ಮಾತ್ರ ಎದುರಿನವರು ಶಿರಸಾವಹಿಸಿ ಪಾಲಿಸಿದರು. ಆ ಅವಮಾನ ಇನ್ನೂ ಆರಿಲ್ಲ.

ನಿಗಡಿಯಲ್ಲಿ ಖಾನಾವಳಿ ನಡೆಸುವ ಬೆಳಗಾವಿ ಕಡೆಯ ಹೆಣ್ಣುಮಗಳೊಬ್ಬರು ಖಡಕಿಯ ನನ್ನ ಆಫೀಸಿಗೆ ಬಂದು ಮೊಬೈಲು ಮೇಜಿನ ಮೇಲಿಟ್ಟರು. ಪಾಕೀಟಿನ ಜೋಳದ ರೊಟ್ಟಿ ಮಾರುವ ಒಂದು ವೆಬ್‌ಸೈಟಿನ ಜಾಹೀರಾತು. ಅದರಲ್ಲಿ ಇವರದೇ ಮುಖ, ಇವರದೇ ಹಲ್ಲು ಕಾಣುವ ನಗು. ಕನ್ನಡ ಸಂಘದ ಅಡುಗೆ ಮೇಳದಲ್ಲಿ ಯಾರೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೋವನ್ನು ಕಂಪ್ಯೂಟರಿಗೆ ಉಣಿಸಿ, ಅದರಿಂದ ಹೊಸ ಚಿತ್ರ ಹುಟ್ಟಿಸಿದ್ದರು. ಕೆಳಗೆ ಬರಹ: ‘ನಮ್ಮ ಮನೆಯಲ್ಲೂ ಇದೇ ರೊಟ್ಟಿ.’

ಮುಖ ಹೋದದ್ದಕ್ಕಿಂತ ಮಾತು ಹೋದದ್ದು ಅವರಿಗೆ ದೊಡ್ಡದು. ಹನ್ನೆರಡು ವರ್ಷದಿಂದ ಕೈಯಲ್ಲೇ ಬಡಿದ ರೊಟ್ಟಿ ಎಂದು ಹೇಳಿ ಮಾರಿದವರು. ಈಗ ಊಟದ ಡಬ್ಬಿ ಒಯ್ಯುವ ಮರಾಠಿ ಗಿರಾಕಿಗಳು ಬಾಗಿಲಲ್ಲೇ ನಿಂತು, ‘ಕಾಕೂ, ಪಾಕಿಟಾತಲೀ ಕಾ?’, ಪಾಕೀಟಿನ ರೊಟ್ಟಿಯೇನು, ಎಂದು ಕೇಳುತ್ತಿದ್ದರು. ಕೆಲವರು ಕೇಳದೆಯೇ ಡಬ್ಬಿ ನಿಲ್ಲಿಸಿದ್ದರು.

ನಾನು ನೋಟೀಸು ಬರೆಯಲು ಕೂತೆ. ಅನುಮತಿ ಇಲ್ಲದೆ ನನ್ನ ಕಕ್ಷಿದಾರರ ಮುಖ ಬಳಸಿದ್ದೀರಿ, ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದ್ದೀರಿ, ಕೂಡಲೇ ತೆಗೆಯಿರಿ, ಚಿತ್ರ ಹೇಗೆ ತಯಾರಾಯಿತೆಂಬ ದಾಖಲೆ ಅಳಿಸದೆ ಇಡಿರಿ, ಕ್ಷಮೆ ಪ್ರಕಟಿಸಿರಿ. ಇಲ್ಲವಾದರೆ ಕೋರ್ಟು. ಎಂಟು ಪ್ಯಾರಾ ಚೊಕ್ಕಾಗಿ ಮುಗಿದವು. ಓದಿ ಹೇಳಿದೆ. ಅವರು ಏಳಲಿಲ್ಲ.

“ವಕೀಲರ, ಲಟ್ಟಣಿಗಿ ವಿಷಯ ಎಲ್ಲಿ ಅದರಿ?”

ಕನ್ನಡಕ ಏರಿಸಿ ಮತ್ತೆ ನೋಡಿದೆ. ಚಿತ್ರದಲ್ಲಿ ಅವರು ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದ ಲಟ್ಟಿಸುತ್ತಿದ್ದರು. ಕಂಪ್ಯೂಟರಿಗೆ ಚಪಾತಿಯೂ ಒಂದೇ, ರೊಟ್ಟಿಯೂ ಒಂದೇ.

“ಅಕ್ಕಾರ, ಕಾನೂನಿಗೆ ಅದು ಬೇಕಾಗಿಲ್ಲರಿ.”

“ಕಾನೂನಿಗೆ ಬ್ಯಾಡ ಇರಬಹುದು. ನಮ್ಮ ನೆಗೆಣ್ಣಿ ಫೋನ್ ಮಾಡಿ, ರೊಟ್ಟಿ ಬಡಿಯೂದು ಮರತಿಯೇನ ಅಂತ ನಕ್ಕಳರಿ. ಬರೀರಿ.”

ನಾನೂ ಧಾರವಾಡದ ಕಡೆಯವ. ಆ ನಗು ನನಗೂ ಕೇಳಿಸಿತು. ಮೂವತ್ತು ವರ್ಷದ ವಕೀಲಿಕೆಯ ವಿವೇಕವನ್ನು ಬದಿಗಿಟ್ಟು ಒಂಬತ್ತನೇ ಪ್ಯಾರಾ ಸೇರಿಸಿದೆ: ‘ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿಯುವುದು ರೂಢಿ. ಲಟ್ಟಣಿಗೆ ತೋರಿಸಿ ನನ್ನ ಕಕ್ಷಿದಾರರ ಕಸುಬಿನ ಹೆಸರಿಗೆ ಮತ್ತಷ್ಟು ಕುಂದು ತಂದಿದ್ದೀರಿ.’ ಬರೆಯುತ್ತ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ. ಜಾಹೀರಾತಿನ ಕೊಂಡಿ, ಪರದೆಯ ಚಿತ್ರ, ಮೇಳದ ಮೂಲ ಫೋಟೋ ಲಗತ್ತಿಸಿ, ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಒಂದು ಪ್ರತಿ ಆ ವೆಬ್‌ಸೈಟಿನ ದೂರು ಅಧಿಕಾರಿಯ ಇಮೇಲಿಗೆ ಹೋಯಿತು.

ಆರನೇ ದಿನ ಉತ್ತರ. ‘ನಿಮ್ಮ ಸಲಹೆಗೆ ಧನ್ಯವಾದ. ಜಾಹೀರಾತನ್ನು ಸರಿಪಡಿಸಲಾಗಿದೆ.’

ತೆರೆದು ನೋಡಿದರೆ ಲಟ್ಟಣಿಗೆ ಮಾಯ. ಅದೇ ಮುಖ, ಅದೇ ನಗು. ಈಗ ಎರಡೂ ಕೈಯಿಂದ ಥೇಟು ನಮ್ಮೂರಿನಂತೆ ರೊಟ್ಟಿ ಬಡಿಯುತ್ತಿದ್ದಾರೆ. ಒಂಬತ್ತು ಪ್ಯಾರಾಗಳಲ್ಲಿ ವೆಬ್‌ಸೈಟಿನವರು ಓದಿದ್ದು ಒಂದೇ. ವಂಚನೆಯ ಚಿತ್ರಕ್ಕೆ ಪುಕ್ಕಟೆ ಸಲಹೆಗಾರನಾಗಿ ನಾನು ಸೇವೆ ಸಲ್ಲಿಸಿದ್ದೆ. ಮೊದಲು ಅನುಮಾನ ಪಡದಿದ್ದ ಗಿರಾಕಿಗಳೂ ಈಗ ಜಾಹೀರಾತನ್ನು ನಂಬಿದರು.

ನನ್ನ ಕಕ್ಷಿದಾರರು ಬಂದು ಕೂತು, ಆ ಚಿತ್ರ ನೋಡಿದರು.

“ಭಾಳ ಚೊಲೊ ಬಡೀತಾಳ ನೋಡ್ರಿ,” ಎಂದರು. “ನನಗಿಂತ ದುಂಡಗ.”

ನಾನು ಹೊಸ ಹಾಳೆ ಎಳೆದುಕೊಂಡೆ.

ಎರಡನೇ ನೋಟೀಸು ಅರ್ಧ ಪುಟ. ದೂರು ಕೈಸೇರಿದ ಮೇಲೂ, ಯಾರ ಮುಖವೆಂದು ಗೊತ್ತಿದ್ದೂ, ಅದನ್ನೇ ಮತ್ತೆ ಬಳಸಿದ್ದೀರಿ. ತಿಳಿಯದೆ ಆಯಿತೆಂಬ ನೆಪ ಇನ್ನು ನಡೆಯದು. ಎರಡೂ ಜಾಹೀರಾತುಗಳನ್ನು ಅಕ್ಕಪಕ್ಕ ಅಂಟಿಸಿದೆ. ರೊಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. ಈ ಸಲ ಅವರ ವಕೀಲರು ಬರೆದರು: ಸೌಜನ್ಯಕ್ಕಾಗಿ ಜಾಹೀರಾತು ತೆಗೆದಿದ್ದೇವೆ, ಯಾವ ತಪ್ಪನ್ನೂ ಒಪ್ಪುವುದಿಲ್ಲ. ಕ್ಷಮೆಯ ಬಗ್ಗೆ ಚಕಾರವಿಲ್ಲ. ಅದಕ್ಕೆ ದಾವೆ ಹೂಡಿದೆವು. ಈವರೆಗೆ ದೊರೆತದ್ದು ತಾರೀಖುಗಳು. ಚಿತ್ರ ಮಾತ್ರ ಯಾರ್ಯಾರದೋ ವಾಟ್ಸಾಪ್‌ನಲ್ಲಿ ಇನ್ನೂ ತಿರುಗುತ್ತದೆ.

ಕಳೆದ ವಾರ ಸಹಿ ಬೇಕಾಗಿ ನಾನೇ ನಿಗಡಿಗೆ ಹೋದೆ. ಒಳಗಿದ್ದ ಒಲೆ, ಗಿರಾಕಿಗಳಿಗೆ ಕಾಣುವಂತೆ, ಬಾಗಿಲ ಬಳಿ ಬಂದಿತ್ತು. ಡಬ್ಬಿಗೆ ಬಂದ ಇಬ್ಬರು ನಿಂತು ನೋಡುತ್ತಿದ್ದರು. ನನ್ನ ಕಕ್ಷಿದಾರರು ರೊಟ್ಟಿ ಬಡಿಯುತ್ತಿದ್ದರು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ನಗದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಸಹಿ ಹಾಕಿದರು. ಕಾಗದದ ಅಂಚಿಗೆ ಜೋಳದ ಹಿಟ್ಟು ಹತ್ತಿತು. ನಾನು ಒರೆಸಲಿಲ್ಲ, ಹಾಗೆಯೇ ಕೋರ್ಟಿಗೆ ಸಲ್ಲಿಸಿದೆ.