ಮಹಾದೇವಕ್ಕ ಪೂಲು ಕಟ್ಟಿದ್ದು

"ಅವ್ವಾ, ಗಿರಣಿ ಆಯಿ ಇವತ್ತ ಗೆದ್ಲೋ, ಸೋತ್ಲೋ?"

ಐತವಾರ ಸಂಜೆ ಮನೆಗೆ ನಡೆದು ಬರುತ್ತಿದ್ದಾಗ ಏಳು ವರ್ಷದ ನನ್ನ ಮಗಳು ಪೂರ್ಣಿಮಾ ಕೇಳಿದಳು. ಎರಡೂ ಇಲ್ಲ, ಆಟ ಸಮ ಆಯಿತು ಅಂದೆ.

"ಹಂಗಾರ ಶೇಖಪ್ಪಜ್ಜ ಯಾಕ ಪೇಢೆ ಹಂಚಿದಾ?"

ಅವಳಿಗೆ ದಾರಿಯಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆದಿಡುತ್ತೇನೆ.

ಗಿರಣಿ ಆಯಿ ಎಂದರೆ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮಹಾದೇವಕ್ಕ. ವಯಸ್ಸು ಅರವತ್ತೆರಡು. ನವಲಗುಂದ ಕಡೆಯವಳು, ಕಾಗದದ ಕಾರ್ಖಾನೆಯ ಕೆಲಸಗಾರನನ್ನು ಮದುವೆಯಾಗಿ ದಾಂಡೇಲಿಗೆ ಬಂದಳು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆತನ ಬಗ್ಗೆ ಕೇಳಿದರೆ, "ಒಳ್ಳೆ ಮನಷ್ಯಾ, ಆದ್ರ ಕುದ್ರಿ ನಡಸೂದು ಸಾಯೂತನಕ ಬರ್ಲಿಲ್ಲ," ಎನ್ನುತ್ತಾಳೆ. ಚದುರಂಗ ಕಲಿಸಿದ್ದು ಮಾವ. ಅಡುಗೆ ಸರಿಯಾಗಿ ಬರದ ಸೊಸೆಯನ್ನು ಅತ್ತೆಯ ಬಾಯಿಂದ ಉಳಿಸಲು ಸಂಜೆ ಹೊತ್ತು ಹಲಗೆ ಹಾಸಿ ಕೂರಿಸುತ್ತಿದ್ದನಂತೆ. ಅಡುಗೆ ಇವತ್ತಿಗೂ ಬಂದಿಲ್ಲ.

ಗಿರಣಿಯಲ್ಲಿ ಜೋಳ ಬೀಸುತ್ತಿರುವಾಗ ಪಕ್ಕದ ಡಬ್ಬಿಯ ಮುಚ್ಚಳದ ಮೇಲೆ ಆಟ ನಡೆದಿರುತ್ತದೆ. ಹಿಟ್ಟು ಬಿದ್ದು ಬಿದ್ದು ಕರಿ ಕಾಯಿಯೂ ಬಿಳಿ ಕಾಯಿಯೂ ಒಂದೇ ಬಣ್ಣ. ನಾನು ಒಮ್ಮೆ ಅವಳದೇ ಒಂಟೆಯಿಂದ ಅವಳದೇ ಕುದುರೆ ಹೊಡೆದೆ. ಐದು ನಡೆಯ ತನಕ ಇಬ್ಬರಿಗೂ ಗೊತ್ತಾಗಲಿಲ್ಲ.

ಆಟದ ಮೊದಲರ್ಧದಲ್ಲಿ ಮಹಾದೇವಕ್ಕ ಸುಮಾರು. ಆದರೆ ಎರಡು ಆನೆ, ಎರಡು ರಾಜ, ಒಂದು ಕಾಲಾಳು ಪ್ಯಾದೆ ಉಳಿಯಿತೆಂದರೆ ಅವಳ ಮುಂದೆ ಕೂರುವುದು ಕಷ್ಟ. ಎರಡು ವರ್ಷದ ಹಿಂದೆ ಗ್ಯಾರೇಜಿನ ಶಮಶುದ್ದೀನ ಅವಳಿಗೆ ಒಂದು ವಿದ್ಯೆ ಹೇಳಿಕೊಟ್ಟ. ಪ್ಯಾದೆ ಕೊನೆಯ ಮನೆಗೆ ಒಂದೇ ಹೆಜ್ಜೆ ದೂರದಲ್ಲಿದೆ, ಆದರೆ ಆ ಮನೆಯಲ್ಲಿ ನಮ್ಮ ರಾಜನೇ ಸಿಕ್ಕಿಕೊಂಡಿದ್ದಾನೆ. ಹೊರಗೆ ಕಾಲಿಟ್ಟರೆ ಎದುರಿನ ಆನೆ ಹಿಂದಿನಿಂದ ರಾಜನಿಗೇ ಗುರಿಯಿಟ್ಟು ಶಹ ಮೇಲೆ ಶಹ ಕೊಡುತ್ತದೆ. ಅದಕ್ಕೆ ಮೊದಲು ನಮ್ಮ ಆನೆಯನ್ನು ನಾಲ್ಕನೆಯ ಅಡ್ಡಸಾಲಿಗೆ ತಂದು ನಿಲ್ಲಿಸಬೇಕು. ಆಮೇಲೆ ರಾಜ ಹೊರಬಿದ್ದು, ಶಹ ತಿನ್ನುತ್ತಾ ಆ ಸಾಲಿನ ಹತ್ತಿರ ಇಳಿಯಬೇಕು. ಕೊನೆಯ ಶಹಕ್ಕೆ ಆನೆ ನಡುವೆ ಬಂದು ಅಡ್ಡ ನಿಲ್ಲುತ್ತದೆ. ಆಗ ಪ್ಯಾದೆ ಕೊನೆಯ ಮನೆ ಮುಟ್ಟಿ ದೊಡ್ಡ ಕಾಯಿ ಆಗುವುದನ್ನು ತಡೆಯುವವರಿಲ್ಲ. ಇದನ್ನು ಸೇತುವೆ ಕಟ್ಟುವುದು ಎನ್ನುತ್ತಾರೆ. ಮಹಾದೇವಕ್ಕ ಪೂಲು ಎನ್ನುತ್ತಾಳೆ.

"ಗಂಡಸ್ರು ಮೊದ್ಲ ರಾಜನ್ನ ಹೊರಗ ಓಡಸ್ತಾರ. ಮಳ್ಯಾಗ ಛತ್ರಿ ಬಿಟ್ಟು ಹೋದಂಗ. ಮೊದ್ಲ ಆನಿ ತಯಾರ ಮಾಡ್ಕೋಬೇಕ ತಂಗಿ, ಆಮ್ಯಾಲ ರಾಜಾ."

ದಿನಾ ಹತ್ತು ಸಲ ಇದನ್ನೇ ತಾಲೀಮು ಮಾಡುತ್ತಿದ್ದಳು. ಪ್ರತಿ ಸಲವೂ ವಜೀರನ ಎದುರಿನ ನಡು ಪ್ಯಾದೆಯನ್ನೇ ಇಟ್ಟುಕೊಂಡು.

ಮುಂದಿನ ವಾರ ದಾಂಡೇಲಿಯ ಚದುರಂಗ ತಂಡದ ನಾಲ್ಕು ಜನ ಹಳಿಯಾಳಕ್ಕೆ, ಅಲ್ಲಿಯವರೊಂದಿಗೆ ಆಡಲು ಹೋಗುತ್ತಾರೆ. ಮೂರು ಕುರ್ಚಿ ಗಟ್ಟಿ. ನಾಲ್ಕನೆಯದರಲ್ಲಿ ಒಂಬತ್ತು ವರ್ಷದಿಂದ ಕೂತಿರುವವನು ಕಾರ್ಖಾನೆಯ ಬಾಯ್ಲರ್ ಕೆಲಸದಿಂದ ನಿವೃತ್ತನಾದ ಶೇಖಪ್ಪ. ತಂಡದ ನಾಯಕ ಶಮಶುದ್ದೀನನ ನಿಯಮ ಸರಳ. ತಿಂಗಳಿಗೊಮ್ಮೆ ಯಾರಾದರೂ ಸವಾಲು ಹಾಕಬಹುದು. ಗೆದ್ದರೆ ಕುರ್ಚಿ ಅವರದು, ಸಮ ಆದರೆ ಕೂತವನದೇ. ಈ ಸಲ ಸವಾಲು ಹಾಕಿದವಳು ಮಹಾದೇವಕ್ಕ. ಹಳಿಯಾಳಕ್ಕೆ ಇದುವರೆಗೆ ಗಿರಣಿಯ ಬೆಲ್ಟು ತರಲಷ್ಟೇ ಹೋದವಳು. ಆಡಲು ಹೋಗಬೇಕೆಂಬುದು ಅವಳ ಒಂದೇ ಹಟ.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಆಟ. "ಚಪ್ಪಾಳಿ ಹೊಡ್ಯಾಕ ಒಬ್ರಾದ್ರೂ ಬೇಕು," ಎಂದು ನಮ್ಮನ್ನು ಕರೆದೊಯ್ದಳು. ಶೇಖಪ್ಪ ಆಗಲೇ ಪೇಢೆಯ ಡಬ್ಬಿ ತಂದಿಟ್ಟಿದ್ದ.

"ಮಹಾದೇವಕ್ಕಾ, ಸೋತ ಮ್ಯಾಲ ಬಾಯಿ ಸಿಹಿ ಮಾಡ್ಕೋರಿ ಅಂತ ತಂದೇನಿ."

"ನಿನಗ ಸಕ್ಕರಿ ಬ್ಯಾನಿ ಐತಿ ಶೇಖಪ್ಪಣ್ಣ. ನಾ ಗೆದ್ದು ನಾನ ಹಂಚ್ತೇನಿ ಬಿಡು."

ಬಿಳಿ ಕಾಯಿ ಮಹಾದೇವಕ್ಕನದು. ಎರಡೂವರೆ ತಾಸಿನ ಕೊನೆಗೆ ಹಲಗೆಯ ಮೇಲೆ ಅವಳಿಗೆ ಬೇಕಾದ್ದೇ ಉಳಿಯಿತು. ಎರಡು ರಾಜ, ಎರಡು ಆನೆ, ಅವಳ ಒಂದು ಪ್ಯಾದೆ. ಪ್ಯಾದೆ ಬಲಗಡೆಯ ಅಂಚಿನಿಂದ ಎರಡನೆಯ ಉದ್ದಸಾಲಿನಲ್ಲಿ ಏಳನೆಯ ಮನೆಯಲ್ಲಿತ್ತು. ಅದರ ಮುಂದೆ ಅವಳ ರಾಜ. ಶೇಖಪ್ಪನ ಆನೆ ಅಂಚಿನ ಸಾಲು ಕಾಯುತ್ತಿತ್ತು.

ಅವಳು ಸೆರಗು ಸಿಕ್ಕಿಸಿಕೊಂಡಳು. ಆನೆಯಿಂದ ಶಹ ಕೊಟ್ಟು ಅವನ ರಾಜನನ್ನು ಒಂದು ಮನೆ ಆಚೆ ಅಟ್ಟಿದಳು. ಆನೆಯನ್ನು ನಾಲ್ಕನೆಯ ಅಡ್ಡಸಾಲಿಗೆ ಏರಿಸಿದಳು. ಅವಳ ರಾಜ ಹೊರಬಿದ್ದ. ಶಹ. ಪ್ಯಾದೆಯ ಬೆನ್ನಿಗೆ ಇಳಿದ. ಶಹ. ಪಕ್ಕಕ್ಕೆ ಸರಿದ. ಶಹ. ಇನ್ನೊಂದು ಮನೆ ಇಳಿದು ಪ್ಯಾದೆಯ ಸಾಲಿಗೇ ಬಂದ.

"ಶಹ!" ಎಂದ ಶೇಖಪ್ಪ, ಬೆವರು ಒರೆಸಿಕೊಳ್ಳುತ್ತಾ.

ಮಹಾದೇವಕ್ಕ ಆನೆಯನ್ನು ಸರಿಸಿ ರಾಜನಿಗೆ ಅಡ್ಡ ನಿಲ್ಲಿಸಿದಳು.

"ಇನ್ನ ಕೊಡು ಶಹ. ಎಲ್ಲಿಂದ ಕೊಡ್ತಿ?"

ಶೇಖಪ್ಪ ಸಿಟ್ಟಿನಿಂದ ಆ ಆನೆಯನ್ನು ಹೊಡೆದ. ಅವಳು ರಾಜನಿಂದ ಅವನ ಆನೆಯನ್ನು ಹೊಡೆದಳು. ಅವನ ರಾಜ ಪ್ಯಾದೆಯ ಕಡೆ ಒಂದು ಮನೆ ಬಂದ, ಆದರೆ ತಡವಾಗಿತ್ತು. ಮಹಾದೇವಕ್ಕ ಪ್ಯಾದೆಯನ್ನು ಕೊನೆಯ ಮನೆಗೆ ತಳ್ಳಿ ತೆಗೆದಳು. ಅಲ್ಲಿ ಟಕ್ಕೆಂದು ಒಂದು ಕುದುರೆ ಇಟ್ಟು "ಶಹ!" ಎಂದಳು.

 ಕೋಣೆಯಲ್ಲಿ ಚಪ್ಪಾಳೆ ಹೊಡೆದದ್ದು ಪೂರ್ಣಿಮಾ ಒಬ್ಬಳೇ.

ಮಾವ ಕಲಿಸಿದ ಹಳೆಯ ಆಟದಲ್ಲಿ ಪ್ಯಾದೆ ಯಾರ ಮನೆ ಮುಟ್ಟಿತೋ ಅದೇ ಕಾಯಿ ಆಗುತ್ತದೆ. ವಜೀರನ ಮನೆಯಲ್ಲಿ ವಜೀರ, ಕುದುರೆಯ ಮನೆಯಲ್ಲಿ ಕುದುರೆ. ಅವಳ ಪ್ಯಾದೆ ಮುಟ್ಟಿದ್ದು ಕುದುರೆಯ ಮನೆ. ಈಗಿನ ಆಟದಲ್ಲಿ ಎಲ್ಲಿ ಮುಟ್ಟಿದರೂ ಎಲ್ಲಕ್ಕಿಂತ ಬಲದ ವಜೀರನನ್ನೇ ಮಾಡಿಕೊಳ್ಳಬಹುದು. ಇದು ಅವಳಿಗೆ ಗೊತ್ತಿತ್ತು. ನಲವತ್ತು ವರ್ಷದ ಕೈಗೆ ಗೊತ್ತಿರಲಿಲ್ಲ. ತಾಲೀಮಿನಲ್ಲಿ ಇಟ್ಟುಕೊಂಡ ನಡು ಪ್ಯಾದೆ ಎರಡೂ ಲೆಕ್ಕದಲ್ಲಿ ವಜೀರನೇ ಆಗುತ್ತಿದ್ದರಿಂದ ಆ ಕೈಗೆ ಒಮ್ಮೆಯೂ ಬೈಸಿಕೊಳ್ಳುವ ಪ್ರಸಂಗ ಬಂದಿರಲಿಲ್ಲ. ಬರೀ ರಾಜನೂ ಒಂದು ಕುದುರೆಯೂ ಸೇರಿ ಯಾರನ್ನೂ ಸೋಲಿಸಲಾರವು. ಆಟ ಅಲ್ಲಿಗೇ ಸಮ.

"ತಮ್ಮಾ, ಕೈ ತಪ್ಪಿತೋ," ಎಂದಳು ಮಹಾದೇವಕ್ಕ.

"ಇಟ್ಟ ಕಾಯಿ ಇಟ್ಟಂಗ ಅಕ್ಕಾ," ಎಂದ ಶಮಶುದ್ದೀನ. ಅವನ ಮುಖ ನೋಡಿದರೆ ಅವನೇ ಸೋತಂತಿತ್ತು. "ಪೂಲು ಭಾಳ ಛಲೋ ಕಟ್ಟಿದ್ರಿ. ನಾ ಹೇಳಿಕೊಟ್ಟಿದ್ದಕ್ಕಿಂತ ಛಲೋ."

ಶೇಖಪ್ಪ ಡಬ್ಬಿ ತೆರೆದ. "ಮಹಾದೇವಕ್ಕಾ, ಹಳಿಯಾಳಕ್ಕ ಕುದ್ರಿ ಏರಿ ಹೊಂಟೀರೇನು?"

ಅವಳು ಎರಡು ಪೇಢೆ ತೆಗೆದುಕೊಂಡಳು. ಒಂದನ್ನು ಪೂರ್ಣಿಮಾಗೆ ಕೊಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. "ನಿನಗ ಬ್ಯಾಡ ಶೇಖಪ್ಪಣ್ಣ, ಮುಂದಿನ ತಿಂಗಳತನಕ ನೀ ಗಟ್ಟಿ ಇರಬೇಕು. ಮತ್ತ ನಾನ ಬರಾಕಿ," ಎಂದು ಎದ್ದಳು. ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ನಾನು ಬೆನ್ನ ಮೇಲೆ ಕೈ ಇಟ್ಟೆ. ಬೇಡ ಅನ್ನಲಿಲ್ಲ.

ಇವತ್ತು ಸೋಮವಾರ. ಜೋಳ ಹೊತ್ತು ಗಿರಣಿಗೆ ಹೋದೆ. ಮುಚ್ಚಳದ ಮೇಲೆ ಅದೇ ಪ್ಯಾದೆ, ಅದೇ ಕುದುರೆ ಮನೆ. ಬೆಳಿಗ್ಗೆಯಿಂದ ಆರು ಸಲ ಪೂಲು ಕಟ್ಟಿದ್ದಾಳೆ. ನಾಲ್ಕು ಸಲ ಮತ್ತೆ ಕುದುರೆಯನ್ನೇ ಇಟ್ಟಿದ್ದಾಳೆ.

"ತಂಗಿ, ನನ್ನದೊಂದು ಕೆಲ್ಸ ಮಾಡ್ತಿಯೇನ?" ಎಂದಳು. "ದಿನಾ ಸಾಲಿ ಬಿಟ್ಟ ಮ್ಯಾಲ ಪೂರ್ಣಿನ್ನ ಅರ್ಧಾ ತಾಸು ಇಲ್ಲಿ ಕಳಸು. ನಾ ಕುದ್ರಿ ಮುಟ್ಟಾಕ ಹೋದ್ರ ಕೈ ಮ್ಯಾಲ ಬಾರಿಸ್ಲಿ. ನೀ ಸಂಭಾವಿತ ಹೆಣಮಗಳು, ನಿನ್ನಿಂದ ಆಗೂದಿಲ್ಲ. ಆಕಿ ಹೊಡೀತಾಳ. ದೊಡ್ಡವರನ್ನ ಹೊಡೀಬಾರದು ಅಂತ ಮಾತ್ರ ಆಕಿಗೆ ಬುದ್ಧಿ ಹೇಳಿ ಕೆಡಸಬ್ಯಾಡ."