ನಾನು ಹೊತ್ತು ತಂದ ದ್ರಾಕ್ಷಾಸವ

ನಾನಾಗ ಸಿಂದಗಿಯಲ್ಲಿ ಕನ್ನಡ ಸಾಲಿ ಟೀಚರು. ಅಪ್ಪ, ಅವ್ವ ಇದ್ದದ್ದು ಬಾಗೇವಾಡಿ ಕಡೆಯ ಮಸೂತಿ ಎಂಬ ಹಳ್ಳಿಯಲ್ಲಿ. ಅಪ್ಪ ಲಿಂಗ ಮುಟ್ಟಿ ಆಣೆ ಮಾಡಿ ಸರಾಯಿ ಬಿಟ್ಟಿದ್ದ; ಆ ಹೊತ್ತು ನಾನು ಎದುರಿಗೇ ಇದ್ದೆ. ಆಮೇಲೆ ಅವನಿಗೆ ನಿಶ್ಶಕ್ತಿ, ಹಸಿವಿಲ್ಲ ಅಂತ ಅವ್ವ ಹೇಳಿಕಳಿಸುತ್ತಿದ್ದಳು. ಊರಿಗೆ ಹೋಗುವಾಗೆಲ್ಲ ಸಿಂದಗಿಯ ಆಯುರ್ವೇದ ಔಷಧ ಅಂಗಡಿಯಿಂದ ಅವಳು ಹೆಸರಿಟ್ಟು ಹೇಳಿದ ದ್ರಾಕ್ಷಾಸವ ಒಯ್ಯುತ್ತಿದ್ದೆ. ಒಮ್ಮೊಮ್ಮೆ ಕೆಮ್ಮಿನ ಔಷಧವನ್ನೂ ಒಯ್ಯುತ್ತಿದ್ದೆ. ಅಪ್ಪನಿಗೆ ಔಷಧ ಹಿಡಿಸಿತಲ್ಲ ಅಂತ ಹಿಗ್ಗುತ್ತಿದ್ದೆ.

ಒಂದು ಸಲ ನಾನು ಮನೆಗೆ ಬಂದ ಮರುದಿನ ಅಪ್ಪ ಮಧ್ಯಾಹ್ನದ ಹೊತ್ತಿನಲ್ಲೇ ಹೊಸ್ತಿಲಿಗೆ ಎಡವಿ ಬಿದ್ದ. ಎಬ್ಬಿಸುವಾಗ ಬಾಯಿಂದ ಸಿಹಿ ಹುಳಿ ವಾಸನೆ ಬಂತು. ಮಂಚದ ಕೆಳಗೆ ಖಾಲಿ ಬಾಟಲಿ ಉರುಳಿತ್ತು. ಹಿಂದಿನ ದಿನವಷ್ಟೇ ನಾನು ಬಸ್ಸಿನಲ್ಲಿ ತಂದಿದ್ದು. ಅಂದು ಮೊದಲ ಸಲ ಅದರ ಲೇಬಲ್ ಪೂರ್ತಿ ಓದಿದೆ. ಮರಾಠಿಯಲ್ಲಿ, ಸಣ್ಣ ಅಕ್ಷರದಲ್ಲಿ, ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ ಹತ್ತನ್ನು ಮೀರದು ಎಂದಿತ್ತು. ಕೆಮ್ಮಿನ ಔಷಧದ ಬಾಟಲಿ ತಿರುಗಿಸಿದೆ. ಅದರಲ್ಲೂ ಇಂಗ್ಲಿಷಿನಲ್ಲಿ ಆಲ್ಕೋಹಾಲ್, ಪಕ್ಕದಲ್ಲಿ ಅದರ ಪ್ರಮಾಣ.

ಸಿಂದಗಿಗೆ ಮರಳಿದವಳೇ ಅಂಗಡಿಯವರನ್ನು ಕೇಳಿದೆ.

"ಮ್ಯಾಲಿಂದ ಹಾಕಿದ್ದಲ್ರಿ ಬಾಯಾರ. ದ್ರಾಕ್ಷಿ, ಬೆಲ್ಲ, ಧಾತಕಿ ಹೂ ಹುಳಿ ಬಂದಾಗ ತಾನ ಹುಟ್ಟತೈತಿ. ಊಟಾದ ಮ್ಯಾಲೆ ನಾಕ್ ಚಮಚಿ, ಅಷ್ಟ ನೀರು ಕೂಡಿಸಿ ಕುಡದ್ರ ಔಷಧ. ಬಾಟ್ಲಿ ಪೂರ್ತಿ ಏರಿಸಿದ್ರ ನಿಶಾ ಆಗೂದ."

"ಮೊದಲ ಯಾಕ ಹೇಳಲಿಲ್ರಿ?"

ಅವರು ತಬ್ಬಿಬ್ಬಾದರು. "ನಿಮಗ ಗೊತ್ತೈತಿ ಅನ್ಕೊಂಡಿದ್ದೆ. ನಿಮ್ಮ ಅವ್ವಾರು ನಿಮ್ಮನ್ನ ನೋಡಾಕ ಇಲ್ಲಿಗೆ ಬಂದಾಗ ಎಲ್ಲಾ ಬಾಟ್ಲಿ ಲೇಬಲ್ ಓದಿಸಿ, ಯಾವುದರಾಗ ಜಾಸ್ತಿ ಐತಿ ಅಂತ ಕೇಳಿ ಹೋಗಿದ್ರಲ್ರಿ."

ಅವ್ವನಿಗೆ ಓದು ಬರದು. ಇಷ್ಟು ದಿನ ನನಗೆ ಹೆಸರು ಹೇಳಿ ತರಿಸುತ್ತಿದ್ದದ್ದು ಮದ್ಯಸಾರ ಜಾಸ್ತಿ ಇದ್ದ ಆ ಬಾಟಲಿಯನ್ನೇ. ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮುಂದಿನ ರವಿವಾರ ಊರಿಗೆ ಹೋದಾಗ ಅವ್ವ ಜ್ವಾಳ ಹಸನು ಮಾಡುತ್ತಿದ್ದಳು. ಎದುರಿಗೆ ನಿಂತು ಕೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ಗಟಾರದಾಗ ಬೀಳೂದಕ್ಕಿಂತ ಮನ್ಯಾಗ ಬೀಳ್ಲಿ ಅಂದೆ."

"ನನ್ನ ಕೈಲೆ ಯಾಕ ತರಿಸಿದಿ?"

"ನಾ ತಂದ್ರ ಮಂದಿ ನಗ್ತಾರ. ಟೀಚರ್ ಆಗಿರೋ ಮಗಳು ತಂದ್ರ ಔಷಧ ಅಂತಾರ."

"ಆಣಿ ಮಾಡಿದ್ದು?"

"ಸರಾಯಿ ಮುಟ್ಟೂದಿಲ್ಲ ಅಂತ ಆಣಿ ಮಾಡ್ಯಾನ. ಮುಟ್ಟಿಲ್ಲ."

ಒಳಗೆ ಮಲಗಿದ್ದ ಅಪ್ಪ ಎಲ್ಲ ಕೇಳಿಸಿಕೊಂಡ. ಗೋಡೆಯ ಕಡೆ ಹೊರಳಿದ. ಇವರಿಬ್ಬರೂ ಕೂಡಿಯೇ ನನಗೆ ಮೋಸ ಮಾಡಿದ್ದರೆಂದು ಆಗ ತಿಳಿಯಿತು.

ಅಂದಿನಿಂದ ನಾನು ಬಾಟಲಿ ಒಯ್ಯಲಿಲ್ಲ. ತಿಂಗಳೊಳಗೆ ಅಪ್ಪ ಬಾಗೇವಾಡಿಯ ಸರಾಯಿ ಅಂಗಡಿಗೆ ಹಗಲಲ್ಲೇ ಹೋಗತೊಡಗಿದ. ಅವ್ವ ಅದಕ್ಕೂ ನನ್ನನ್ನೇ ದೂರಿದಳು. ಆ ಯುಗಾದಿಗೆ ನಾನು ಊರಿಗೆ ಹೋಗಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಹೋಳಿಗೆ ಮಾಡಿದೆ, ತಿನ್ನಲು ಮನಸ್ಸಾಗದೆ ಓಣಿಯ ಮಕ್ಕಳಿಗೆ ಹಂಚಿದೆ.